ಕರಿಮಣಿ ಸರದ ಬಿಲ್ ಓದುವುದು ಹೇಗೆ? ದರ, ವೇಸ್ಟೇಜ್, ಮಜೂರಿ, ತೆರಿಗೆ, ಕೊನೆಗೆ ಮಾರಿದರೆ ಸಿಗುವ ದುಡ್ಡು

ಅಕ್ಷಯ ತೃತೀಯ ಮುಗಿದ ವಾರ ಮತ್ತು ವರಮಹಾಲಕ್ಷ್ಮಿ ಹಬ್ಬದ ಮರುದಿನ ನನಗೆ ಒಂದೇ ಪ್ರಶ್ನೆ ಹತ್ತಾರು ಕಡೆಯಿಂದ ಬರುತ್ತದೆ. "ಬಿಲ್ ಕಳಿಸಿದ್ದೀನಿ, ಸರಿಯಾಗಿದೆಯಾ ನೋಡಿ." ಅಷ್ಟು ಹೊತ್ತಿಗೆ ದುಡ್ಡು ಕೊಟ್ಟಾಗಿರುತ್ತದೆ, ಸರ ಕತ್ತಿಗೆ ಬಿದ್ದಿರುತ್ತದೆ. ನೋಡಬೇಕಾದದ್ದು ದುಡ್ಡು ಕೊಡುವ ಮುಂಚೆ, ಅಲ್ವಾ? ಅಂಗಡಿಯ ಕೌಂಟರ್ ಮುಂದೆ ಕೂತೇ ಹತ್ತು ನಿಮಿಷದಲ್ಲಿ ಮಾಡಬಹುದಾದ ಪರಿಶೀಲನೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಕರಿಮಣಿ ಸರವನ್ನೇ ಆರಿಸಿಕೊಂಡಿದ್ದೇನೆ. ನಮ್ಮಲ್ಲಿ ಹೆಚ್ಚು ಮನೆಗಳು ಕೊಳ್ಳುವ ಒಡವೆ ಅದು. ಬಿಲ್ಲಿನಲ್ಲಿ ಎಡವುವ ಜಾಗಗಳೆಲ್ಲ ಅದರಲ್ಲೇ ಇವೆ. ಚಿನ್ನ ಇದೆ, ಚಿನ್ನವಲ್ಲದ ಮಣಿ ಇದೆ, ಬೆಸುಗೆ ಇದೆ, ಕೈಕೆಲಸ ಇದೆ.

ಬೇಕಾಗುವುದು ಇಷ್ಟೇ: ಫೋನಿನಲ್ಲಿ ಕ್ಯಾಲ್ಕ್ಯುಲೇಟರ್, ಚಿನ್ನದ ಶುದ್ಧತೆಯ ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪ್, ಮತ್ತು ಅಂಗಡಿಯವರು ಕೊಡುವ ಎಸ್ಟಿಮೇಟ್ ಚೀಟಿ. ಎಸ್ಟಿಮೇಟ್ ಎಂದರೆ ಬಿಲ್ ಹಾಕುವ ಮುಂಚೆ ಬರೆದುಕೊಡುವ ಲೆಕ್ಕ. ಕೇಳಿದರೆ ಎಲ್ಲರೂ ಕೊಡುತ್ತಾರೆ. ಆದರೆ ಅದು ಬಿಲ್ ಅಲ್ಲ, ಅದನ್ನು ನೆನಪಿಡಿ.

ಲೆಕ್ಕ ಸುಲಭವಾಗಲಿ ಎಂದು ಈ ಲೇಖನದಲ್ಲಿ 22 ಕ್ಯಾರೆಟ್ ಚಿನ್ನಕ್ಕೆ ಗ್ರಾಂಗೆ ₹10,000 ಎಂದು ಇಟ್ಟುಕೊಂಡಿದ್ದೇನೆ. ನೀವು ಹೋದ ದಿನದ ದರ ಹಾಕಿ ಲೆಕ್ಕ ಮಾಡಿಕೊಳ್ಳಿ.

ನಮ್ಮ ಎಸ್ಟಿಮೇಟ್ ಹೀಗಿದೆ:

```
ಒಟ್ಟು ತೂಕ               21.800 ಗ್ರಾಂ
ಮಣಿ ತೂಕ                 1.800 ಗ್ರಾಂ
ನಿವ್ವಳ ತೂಕ             20.000 ಗ್ರಾಂ
ಚಿನ್ನ 20.000 × 10,000    2,00,000.00
ವೇಸ್ಟೇಜ್ 12%              24,000.00
ಮೇಕಿಂಗ್ 400/ಗ್ರಾಂ           8,000.00
ಕರಿಮಣಿ                    1,000.00
ತೆರಿಗೆ 3%                  6,990.00
ಹಾಲ್‌ಮಾರ್ಕ್ (ತೆರಿಗೆ ಸೇರಿ)      53.10
ಒಟ್ಟು                   2,40,043.10
```

1. ಮೊದಲು ತೂಕ, ಆಮೇಲೆ ದರ

ಎಲ್ಲರೂ ಮೊದಲು ದರ ಕೇಳುತ್ತಾರೆ. ದರ ಬೋರ್ಡಿನ ಮೇಲೆ ಬರೆದಿರುತ್ತದೆ, ಅಕ್ಕಪಕ್ಕದ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಅದೇ ಇರುತ್ತದೆ. ದುಡ್ಡು ಸೋರುವುದು ತೂಕದಲ್ಲಿ.

ಒಡವೆಗೆ ಕಟ್ಟಿದ ಪುಟ್ಟ ಚೀಟಿಯಲ್ಲಿ ಎರಡು ತೂಕ ಇರುತ್ತದೆ. ಒಂದು ಗ್ರಾಸ್ ವೇಟ್, ಅಂದರೆ ಮಣಿ, ಹರಳು ಎಲ್ಲ ಸೇರಿದ ಒಟ್ಟು ತೂಕ. ಇನ್ನೊಂದು ನೆಟ್ ವೇಟ್, ಬರೀ ಚಿನ್ನದ ನಿವ್ವಳ ತೂಕ. ಚಿನ್ನದ ದರ, ವೇಸ್ಟೇಜ್, ಮೇಕಿಂಗ್ ಮೂರೂ ನಿವ್ವಳ ತೂಕದ ಮೇಲೇ ಬರಬೇಕು.

ಒಟ್ಟು ತೂಕಕ್ಕೇ ಲೆಕ್ಕ ಹಾಕಿದರೆ ಏನಾಗುತ್ತದೆ ನೋಡಿ. ನಮ್ಮ ಸರದಲ್ಲಿ ಮಣಿ 1.800 ಗ್ರಾಂ. ಅದಕ್ಕೆ ಚಿನ್ನದ ಬೆಲೆ ಹಾಕಿದರೆ ₹18,000. ಅದರ ಮೇಲೆ 12% ವೇಸ್ಟೇಜ್ ₹2,160. ಮೇಕಿಂಗ್ ₹720. ಇಷ್ಟಕ್ಕೂ 3% ತೆರಿಗೆ. ಒಟ್ಟು ಸುಮಾರು ₹21,500, ಬರೀ ಕಪ್ಪು ಗಾಜಿನ ಮಣಿಗೆ!

ಮಣಿಯನ್ನು ಪೂರ್ತಿ ಚಿನ್ನವೆಂದು ಯಾರೂ ಬಿಲ್ ಮಾಡಲಿಕ್ಕಿಲ್ಲ. ಆದರೆ 1.800 ಇರುವ ಮಣಿಯನ್ನು 1.300 ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ? ಅರ್ಧ ಗ್ರಾಂ ವ್ಯತ್ಯಾಸ, ಸುಮಾರು ₹6,000. ಪೋಣಿಸಿದ ಸರದಿಂದ ಮಣಿ ಬಿಚ್ಚಿ ತೂಗುವುದಂತೂ ಆಗದ ಮಾತು.

ಇದಕ್ಕೊಂದು ಉಪಾಯ ಇದೆ. ಅಂಗಡಿಯಲ್ಲಿ ಅದೇ ಅಳತೆಯ ಬಿಡಿ ಕರಿಮಣಿ ಇರುತ್ತದೆ. ಇಪ್ಪತ್ತು ಮಣಿ ಎಣಿಸಿ ತಕ್ಕಡಿಯ ಮೇಲೆ ಹಾಕಿಸಿ. 0.300 ಗ್ರಾಂ ಬಂತು ಎನ್ನಿ. ಸರದಲ್ಲಿ 120 ಮಣಿ ಇದ್ದರೆ ಅದರ ಆರು ಪಟ್ಟು, 1.800 ಗ್ರಾಂ. ಎಣಿಸುವುದು ಬೇಜಾರಿನ ಕೆಲಸ, ನಿಜ. ಆದರೆ ಎರಡು ನಿಮಿಷಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಬಿಡಿ ಮಣಿ ಇಲ್ಲ ಎಂದರೆ, ಮಣಿ ತೂಕವನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಸಿಕೊಳ್ಳಿ. ಮುಂದೆ ಅದೇ ಅಂಗಡಿಗೆ ಮಾರಲು ಹೋದಾಗ "ಮಣಿ 2.300 ಇದೆ" ಎಂದು ಅವರು ಹೇಳದಂತೆ ಆ ಸಾಲು ತಡೆಯುತ್ತದೆ.

ಹರಳಿನ ಓಲೆ, ಕೆಂಪಿನ ನೆಕ್ಲೇಸ್‌ಗೂ ಇದೇ ನಿಯಮ. ಟೊಳ್ಳು ಗುಂಡಿನ ಸರ ಕೊಳ್ಳುವುದಾದರೆ ಒಳಗೆ ಅರಗು ತುಂಬಿದೆಯಾ ಎಂದು ಕೇಳಿ. ಅರಗೂ ತೂಗುತ್ತದೆ, ಕರಗಿಸಿದಾಗ ಸುಟ್ಟುಹೋಗುತ್ತದೆ.

ತೂಗುವಾಗ ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ, ಚೀಟಿ ಮತ್ತು ದಾರ ತೆಗೆದಿದ್ದಾರಾ ನೋಡಿ. ಚೀಟಿಯೊಂದಿಗೆ ತೂಗಿದರೆ ಅದಕ್ಕೂ ನೀವೇ ದುಡ್ಡು ಕೊಡುತ್ತೀರಿ.

2. ದರ: ಯಾವ ಕ್ಯಾರೆಟ್ಟಿನದು?

24 ಕ್ಯಾರೆಟ್ ಎಂದರೆ ಅಪರಂಜಿ. 22 ಕ್ಯಾರೆಟ್ ಎಂದರೆ ನೂರು ಭಾಗದಲ್ಲಿ 91.6 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಅದಕ್ಕೇ ಅದನ್ನು 916 ಎನ್ನುತ್ತೇವೆ. 18 ಕ್ಯಾರೆಟ್‌ನಲ್ಲಿ 75 ಭಾಗ. 22 ಕ್ಯಾರೆಟ್‌ಗೆ ಗ್ರಾಂಗೆ ₹10,000 ಇದ್ದ ದಿನ 24 ಕ್ಯಾರೆಟ್‌ಗೆ ಸುಮಾರು ₹10,909 ಇರುತ್ತದೆ. 10,000 ಅನ್ನು 22ರಿಂದ ಭಾಗಿಸಿ 24ರಿಂದ ಗುಣಿಸಿದರೆ ಬರುವ ಮೊತ್ತ ಅದು.

ಬಿಲ್ಲಿನ ದರವನ್ನು ತೂಕದಿಂದ ಗುಣಿಸಿ, ಚಿನ್ನದ ಮೊತ್ತ ತಾಳೆಯಾಗುತ್ತದೆಯಾ ನೋಡಿ. ಆ ದರ ಬೋರ್ಡಿನ 22 ಕ್ಯಾರೆಟ್ ದರವೇ ಆಗಿರಬೇಕು. ಮೊಬೈಲಿನಲ್ಲಿ ನೋಡಿದ ದರಕ್ಕೂ ಅಂಗಡಿಯ ದರಕ್ಕೂ ಸ್ವಲ್ಪ ವ್ಯತ್ಯಾಸ ಇರುವುದು ಸಹಜ. ಕೆಲವು ಜಾಲತಾಣಗಳು ತೆರಿಗೆ ಸೇರಿಸಿದ ದರ ತೋರಿಸುತ್ತವೆ. ಬಿಲ್ಲಿನಲ್ಲಿ ದರಕ್ಕೆ ಒಮ್ಮೆ ತೆರಿಗೆ ಸೇರಿಸಿ, ಕೆಳಗೆ ಮತ್ತೆ 3% ಹಾಕಿದ್ದರೆ ಮಾತ್ರ ತಕರಾರು ಮಾಡಿ.

ಅಡ್ವಾನ್ಸ್ ಕೊಟ್ಟು ಮಾಡಿಸುವವರು ಒಂದು ಮಾತು ಬರೆಸಿಕೊಳ್ಳಬೇಕು: ದರ ಆರ್ಡರ್ ಕೊಟ್ಟ ದಿನದ್ದೋ, ಒಡವೆ ಕೈಗೆ ಬಂದ ದಿನದ್ದೋ? ಜಗಳಗಳೆಲ್ಲ ಇಲ್ಲೇ ಹುಟ್ಟುತ್ತವೆ.

3. ವೇಸ್ಟೇಜ್ ಮತ್ತು ಮೇಕಿಂಗ್ ಎರಡನ್ನೂ ಕೂಡಿಸಿ ನೋಡಿ

ವೇಸ್ಟೇಜ್ ಎಂದರೆ ಒಡವೆ ಮಾಡುವಾಗ ಅರದಲ್ಲಿ ಉಜ್ಜಿ, ಬೆಸೆದು, ಪಾಲಿಶ್ ಮಾಡುವಾಗ ಪುಡಿಯಾಗಿ ಹೋಗುವ ಚಿನ್ನ. ಮೇಕಿಂಗ್ ಎಂದರೆ ಮಜೂರಿ, ಕೆಲಸದ ಕೂಲಿ. ಹೇಳುವುದಕ್ಕೆ ಎರಡೂ ಬೇರೆ ಬೇರೆ.

ಆದರೆ ನಿಜವಾಗಿ 12% ಚಿನ್ನ ಗಾಳಿಯಲ್ಲಿ ಹಾರಿಹೋಗುವುದಿಲ್ಲ. ಅಕ್ಕಸಾಲಿಗರ ಅಂಗಡಿಯ ಕಸವನ್ನೂ ಗುಡಿಸಿ ಜೋಪಾನ ಮಾಡುತ್ತಾರೆ, ಅದರಿಂದ ಚಿನ್ನ ಮತ್ತೆ ತೆಗೆಯುತ್ತಾರೆ. ಯಂತ್ರದಲ್ಲಿ ಮಾಡಿದ ಚೈನಿನಲ್ಲಂತೂ ನಷ್ಟ ಇನ್ನೂ ಕಡಿಮೆ. ನನ್ನ ಲೆಕ್ಕದಲ್ಲಿ ಇವತ್ತಿನ ವೇಸ್ಟೇಜ್ ಎಂಬುದು ಅಂಗಡಿಯ ಲಾಭ, ಬಾಡಿಗೆ, ಸಂಬಳಕ್ಕೆ ಇಟ್ಟ ಇನ್ನೊಂದು ಹೆಸರು. ಅದು ತಪ್ಪು ಎನ್ನುತ್ತಿಲ್ಲ, ವ್ಯಾಪಾರ ನಡೆಯಬೇಕಲ್ಲ. ಅದು ಚೌಕಾಸಿಗೆ ಸಿಗುವ ಮೊತ್ತ ಎಂಬುದಷ್ಟೇ ನಿಮಗೆ ಗೊತ್ತಿರಲಿ. ಚಿನ್ನದ ದರದಲ್ಲಿ ಚೌಕಾಸಿ ನಡೆಯುವುದಿಲ್ಲ, ಇಲ್ಲಿ ನಡೆಯುತ್ತದೆ.

ಕೆಲವು ಬಿಲ್ಲಿನಲ್ಲಿ ವೇಸ್ಟೇಜ್ ಅನ್ನು ಶೇಕಡಾ ಲೆಕ್ಕದಲ್ಲಿ ತೋರಿಸದೆ ತೂಕಕ್ಕೇ ಸೇರಿಸಿರುತ್ತಾರೆ. ನಮ್ಮ ಸರಕ್ಕೆ "22.400 ಗ್ರಾಂ" ಎಂದು ಬರೆದು ಅದಕ್ಕೆ ದರ ಹಾಕುವುದು. ಕೈಗೆ ಬಂದ ಚಿನ್ನ 20, ದುಡ್ಡು ಕೊಟ್ಟದ್ದು 22.400ಕ್ಕೆ. ಇನ್ನು ಕೆಲವರು ಎರಡನ್ನೂ ಸೇರಿಸಿ ವಿಎ ಎಂದು ಒಂದೇ ಸಾಲು ಬರೆಯುತ್ತಾರೆ. ಅದು ವ್ಯಾಲ್ಯೂ ಅಡಿಷನ್. ಹೆಸರು ಯಾವುದೇ ಇರಲಿ, ನೀವು ಹೀಗೆ ಲೆಕ್ಕ ಮಾಡಿ:

```
(ತೆರಿಗೆಗೆ ಮುಂಚಿನ ಮೊತ್ತ − ಮಣಿ ಬೆಲೆ − ಚಿನ್ನದ ಬೆಲೆ) ÷ ಚಿನ್ನದ ಬೆಲೆ × 100
(2,33,000 − 1,000 − 2,00,000) ÷ 2,00,000 × 100 = 16%
```

ಈ 16% ಒಂದನ್ನೇ ಹಿಡಿದುಕೊಂಡು ಅಂಗಡಿಯಿಂದ ಅಂಗಡಿಗೆ ಹೋಲಿಸಿ. "ನಮ್ಮಲ್ಲಿ ಮೇಕಿಂಗ್ ಚಾರ್ಜ್ ಇಲ್ಲವೇ ಇಲ್ಲ" ಎಂದು ಬೋರ್ಡ್ ಹಾಕಿದ ಅಂಗಡಿ 18% ವೇಸ್ಟೇಜ್ ಹಾಕಿದರೆ ನಮ್ಮ ಎಸ್ಟಿಮೇಟ್ ಕೊಟ್ಟ ಅಂಗಡಿಗಿಂತ ಅದೇ ದುಬಾರಿ. "ಮೇಕಿಂಗ್ ಮೇಲೆ 50% ರಿಯಾಯಿತಿ" ಎಂಬ ಹಬ್ಬದ ಜಾಹೀರಾತು ನಮ್ಮ ಬಿಲ್ಲಿಗೆ ಅನ್ವಯಿಸಿದರೆ ಎಷ್ಟು ಉಳಿಯುತ್ತದೆ? ₹8,000ದಲ್ಲಿ ಅರ್ಧ, ₹4,000. ವೇಸ್ಟೇಜಿನ ₹24,000 ಹಾಗೇ ಕೂತಿರುತ್ತದೆ. 16% ಇದ್ದದ್ದು 14% ಆಯಿತು, ಅಷ್ಟೇ.

ಒಂದು ಎಚ್ಚರಿಕೆ. ಹೋಲಿಸುವಾಗ ಒಂದೇ ಬಗೆಯ ಒಡವೆ ಹೋಲಿಸಿ. ಕೈಕೆಲಸದ ಸೂಕ್ಷ್ಮ ಪದಕಕ್ಕೂ ಯಂತ್ರದ ಸಾದಾ ಬಳೆಗೂ ಒಂದೇ ಶೇಕಡಾ ಕೇಳಿದರೆ ಅಂಗಡಿಯವರು ನಗುತ್ತಾರೆ.

4. ಹಾಲ್‌ಮಾರ್ಕ್ ಕಣ್ಣಾರೆ ನೋಡಿ

2023ರ ಏಪ್ರಿಲ್ 1ರಿಂದ, ಹಾಲ್‌ಮಾರ್ಕ್ ಕಡ್ಡಾಯವಾಗಿರುವ ಒಡವೆಗಳನ್ನು ಆರು ಅಕ್ಷರ-ಅಂಕಿಗಳ ಗುರುತು ಇಲ್ಲದೆ ಅಂಗಡಿಗಳು ಮಾರುವಂತಿಲ್ಲ. ಆ ಗುರುತಿಗೆ HUID ಎನ್ನುತ್ತಾರೆ. ಒಂದೊಂದು ಒಡವೆಗೂ ಒಂದೊಂದು ಬೇರೆ. ಎರಡು ಗ್ರಾಂಗಿಂತ ಕಡಿಮೆ ತೂಗುವ ಒಡವೆಗಳಿಗೆ ಇದರಿಂದ ವಿನಾಯಿತಿ ಇದೆ.

ಒಡವೆಯ ಮೇಲೆ ಮೂರು ಗುರುತು ಹುಡುಕಿ: ಬಿಐಎಸ್‌ನ ತ್ರಿಕೋನ ಚಿಹ್ನೆ, 22K916 ಎಂಬ ಶುದ್ಧತೆ, ಮತ್ತು ಆರು ಅಕ್ಷರದ HUID. ತುಂಬಾ ಸಣ್ಣದಾಗಿರುತ್ತದೆ. ಭೂತಗನ್ನಡಿ ಕೇಳಿ, ಅಂಗಡಿಯಲ್ಲಿ ಇಟ್ಟಿರುತ್ತಾರೆ. ಆ್ಯಪ್ ತೆರೆದು `Verify HUID` ಒತ್ತಿ ಆ ಆರು ಅಕ್ಷರ ಹಾಕಿ. ಶುದ್ಧತೆ, ಹಾಲ್‌ಮಾರ್ಕ್ ಹಾಕಿಸಿದ ಅಂಗಡಿಯ ನೋಂದಣಿ, ಪರೀಕ್ಷೆ ಮಾಡಿದ ಕೇಂದ್ರ, ಒಡವೆ ಯಾವ ಬಗೆಯದು ಎಲ್ಲ ಬರುತ್ತದೆ.

ಜನ ಎಡವುವುದು ಆ ಕೊನೆಯದರಲ್ಲಿ. ಶುದ್ಧತೆ ಕಂಡ ಕೂಡಲೇ ಫೋನ್ ಒಳಗಿಡುತ್ತಾರೆ. ಕೈಯಲ್ಲಿ ಸರ ಇದ್ದು ಆ್ಯಪ್ "ಉಂಗುರ" ಎಂದು ತೋರಿಸಿದರೆ ಆ ಸಂಖ್ಯೆ ಬೇರೆ ಒಡವೆಯದು. ಕೊಳ್ಳಬೇಡಿ.

ಹಾಲ್‌ಮಾರ್ಕ್ ಶುಲ್ಕ ಒಡವೆಗೆ ₹45, ಅದರ ಮೇಲೆ 18% ತೆರಿಗೆ. ಒಟ್ಟು ₹53.10. ತೂಕ ಎಷ್ಟೇ ಇರಲಿ, ಒಡವೆಗೆ ಅಷ್ಟೇ. ಇದಕ್ಕೆ ₹500 ಬರೆದಿದ್ದರೆ ಕೇಳಿ.

ಅನುಮಾನ ಉಳಿದರೆ ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ನೀವೇ ಒಡವೆ ಒಯ್ದು, ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಹಾಲ್‌ಮಾರ್ಕ್‌ನಲ್ಲಿ ಹೇಳಿದ್ದಕ್ಕಿಂತ ಶುದ್ಧತೆ ಕಡಿಮೆ ಬಂದರೆ, ಆ ಕೊರತೆಯ ಬೆಲೆಯ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚನ್ನು ಅಂಗಡಿಯಿಂದ ಪಡೆಯಲು ಬಿಐಎಸ್ ನಿಯಮದಲ್ಲಿ ಅವಕಾಶ ಇದೆ. ಅದಕ್ಕೆ ಬಿಲ್ ಇರಬೇಕು. "ಬಿಲ್ ಬೇಡ ಅಂದ್ರೆ 3% ಉಳಿಯುತ್ತೆ ಮೇಡಂ" ಎಂಬ ಮಾತಿಗೆ ಸುಮ್ನೆ ತಲೆಯಾಡಿಸಿದವರು ಈ ಹಕ್ಕನ್ನು ₹7,000ಕ್ಕೆ ಮಾರಿದ ಹಾಗೆ.

5. ತೆರಿಗೆ

ಸಿದ್ಧ ಒಡವೆ ಕೊಂಡರೆ ಚಿನ್ನ, ವೇಸ್ಟೇಜ್, ಮೇಕಿಂಗ್ ಎಲ್ಲ ಸೇರಿದ ಮೊತ್ತಕ್ಕೆ 3% ಜಿಎಸ್‌ಟಿ. ಬಿಲ್ಲಿನಲ್ಲಿ 1.5% ಕೇಂದ್ರದ್ದು, 1.5% ರಾಜ್ಯದ್ದು ಎಂದು ಎರಡು ಸಾಲು ಇರುತ್ತದೆ. ₹2,33,000ಕ್ಕೆ ₹6,990. ನಿಮ್ಮದೇ ಚಿನ್ನ ಕೊಟ್ಟು ಮಾಡಿಸಿದರೆ ಲೆಕ್ಕ ಬೇರೆ. ಆಗ ತೆರಿಗೆ ಬೀಳುವುದು ಕೂಲಿಯ ಮೇಲೆ ಮಾತ್ರ, ಅದರ ದರವೂ ಬೇರೆ.

ಹಳೆಯ ಒಡವೆ ಕೊಟ್ಟು ಹೊಸದು ತೆಗೆದುಕೊಳ್ಳುವವರಿಗೆ ಒಂದು ಗೊಂದಲ ಇದ್ದೇ ಇರುತ್ತದೆ. ₹1,50,000ದ ಹಳೇ ಬಳೆ ಕೊಟ್ಟು ನಮ್ಮ ಸರ ಕೊಂಡರೆ, ತೆರಿಗೆ ಉಳಿದ ₹83,000ಕ್ಕಲ್ಲ, ಪೂರ್ತಿ ₹2,33,000ಕ್ಕೇ. ಹಳೆಯದರ ಮೊತ್ತ ತೆರಿಗೆಯ ಸಾಲಿನ ಕೆಳಗೆ ಕಳೆಯುತ್ತದೆ. ಇದು ಅಂಗಡಿಯವರ ಮೋಸವಲ್ಲ.

ಬಿಲ್ ₹2 ಲಕ್ಷ ದಾಟಿದರೆ ಪ್ಯಾನ್ ಸಂಖ್ಯೆ ಕೊಡಬೇಕು. ಅಷ್ಟು ಮೊತ್ತವನ್ನು ನಗದಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. "ಎರಡು ಬಿಲ್ ಮಾಡಿಬಿಡೋಣ" ಎಂದರೆ ಒಪ್ಪಬೇಡಿ, ಒಂದೇ ವ್ಯವಹಾರವನ್ನು ಒಡೆದರೂ ಆ ನಿಯಮ ಬಿಡುವುದಿಲ್ಲ.

6. ಇದೇ ಸರ ಮಾರಿದರೆ?

ಈ ಲೆಕ್ಕವನ್ನು ಕೊಳ್ಳುವ ದಿನವೇ ಮಾಡಿ. ಮಾರುವಾಗ ಎಣಿಕೆಗೆ ಬರುವುದು ನಿವ್ವಳ ಚಿನ್ನ ಮಾತ್ರ. ವೇಸ್ಟೇಜ್, ಮೇಕಿಂಗ್, ತೆರಿಗೆ, ಮಣಿ, ಹಾಲ್‌ಮಾರ್ಕ್ ಎಲ್ಲ ಹೋಯಿತು.

ಕೊಂಡ ಅಂಗಡಿಯಲ್ಲೇ, ಅದೇ ದರಕ್ಕೆ, 2% ಕಳೆದು ತೆಗೆದುಕೊಂಡರು ಎನ್ನಿ. 20 ಗ್ರಾಂಗೆ ₹2,00,000, ಅದರಲ್ಲಿ ₹4,000 ಕಡಿತ, ಕೈಗೆ ₹1,96,000. ಕೊಟ್ಟದ್ದು ₹2,40,043. ವ್ಯತ್ಯಾಸ ₹44,000ಕ್ಕೂ ಚೂರು ಹೆಚ್ಚು. ಇನ್ನೊಂದು ರೀತಿ ಹೇಳಿದರೆ, ಹಾಕಿದ ದುಡ್ಡು ಹಾಗೇ ವಾಪಸ್ ಬರಬೇಕಾದರೆ ಚಿನ್ನದ ದರ ₹10,000ದಿಂದ ಸುಮಾರು ₹12,250ಕ್ಕೆ ಏರಬೇಕು. ಹೆಚ್ಚುಕಡಿಮೆ 22.5% ಏರಿಕೆ. ಹಾಕಿಕೊಂಡು ಮೆರೆಯಲು ಕೊಳ್ಳುವವರಿಗೆ ಇದು ದೊಡ್ಡ ವಿಷಯವಲ್ಲ. "ಕಷ್ಟಕಾಲಕ್ಕೆ ಆಗುತ್ತೆ" ಎಂದೇ ಕೊಳ್ಳುವವರು ಕರಿಮಣಿಯ ಬದಲು ಕಡಿಮೆ ಕೆಲಸದ ಸಾದಾ ಬಳೆಯನ್ನೋ ನಾಣ್ಯವನ್ನೋ ನೋಡುವುದು ಒಳ್ಳೆಯದು.

ಬೇರೆ ಅಂಗಡಿಗೆ ಹೋದರೆ ಇನ್ನೂ ಕಡಿಮೆ ಬರಬಹುದು. ಅವರು ನಿಮ್ಮ ಬಿಲ್ ನೋಡುವುದಿಲ್ಲ. ಮಣಿ ಬಿಡಿಸಿ, ಚಿನ್ನ ಕರಗಿಸಿ, ಬಂದ ಶುದ್ಧತೆಗೆ ದುಡ್ಡು ಕೊಡುತ್ತಾರೆ. ಹತ್ತು ವರ್ಷ ಹಾಕಿಕೊಂಡ ಸರ ಸವೆದು 19.700 ಗ್ರಾಂಗೆ ಇಳಿದಿದೆ ಎಂದುಕೊಳ್ಳಿ. ನಡುವೆ ಎರಡು ಬಾರಿ ಕಿತ್ತುಹೋಗಿ ಬೆಸುಗೆ ಹಾಕಿಸಿದ್ದೀರಿ. ಆ ಬೆಸುಗೆಯಲ್ಲಿ ಚಿನ್ನ ಕಡಿಮೆ ಇದ್ದದ್ದರಿಂದ ಕರಗಿಸಿದಾಗ 91.6 ಬದಲು 90.5 ಬಂತು. ಆಗ:

```
19.700 × 90.5% = 17.829 ಗ್ರಾಂ ಅಪರಂಜಿ
17.829 × 10,909 = ಸುಮಾರು ₹1,94,500
3% ಕಡಿತದ ನಂತರ    ಸುಮಾರು ₹1,88,700
```

ದರ ಬದಲಾಗದೇ ಇದ್ದರೂ ಸುಮಾರು ₹51,000 ಕಡಿಮೆ. ಇಲ್ಲಿ ಹಾಕಿದ ಕಡಿತ ಉದಾಹರಣೆಗೆ ಅಷ್ಟೇ, ಒಂದೊಂದು ಅಂಗಡಿಯದು ಒಂದೊಂದು ಥರ. ಅದಕ್ಕೇ ಕೊಳ್ಳುವಾಗಲೇ ಮೂರು ಮಾತು ಕೇಳಿ, ಬಿಲ್ಲಿನ ಮೇಲೆ ಬರೆಸಿ. ವಾಪಸ್ ಕೊಟ್ಟರೆ ಎಷ್ಟು ಕಡಿತ? ದುಡ್ಡು ಕೊಡುತ್ತೀರೋ, ಬದಲಿಗೆ ಒಡವೆ ಮಾತ್ರವೋ? ಆ ದಿನದ ದರ ಎಂದರೆ ಬೋರ್ಡಿನ ದರವೋ, ಹಳೆಯ ಚಿನ್ನಕ್ಕೆಂದು ನೀವು ಇಟ್ಟ ಬೇರೆ ದರವೋ? "ನೂರಕ್ಕೆ ನೂರು ವಾಪಸ್" ಎನ್ನುವ ಮಾತು ಬಹಳಷ್ಟು ಕಡೆ ಎಕ್ಸ್‌ಚೇಂಜ್‌ಗೆ ಮಾತ್ರ. ಅಲ್ಲಿ ಹೊಸ ಒಡವೆಯ ವೇಸ್ಟೇಜನ್ನು ಮತ್ತೆ ಕೊಡುತ್ತೀರಿ.

ಮಾರುವಾಗ ಕರಗಿಸುವುದನ್ನು ಎದುರಿಗೇ ಮಾಡಿಸಿ. ಕರಗಿಸುವ ಮುಂಚೆ ಮಣಿ ತೆಗೆದ ತೂಕ, ಕರಗಿಸಿದ ಮೇಲಿನ ತೂಕ ಎರಡನ್ನೂ ಬರೆದುಕೊಳ್ಳಿ. ಮೊದಲು ಯಂತ್ರದಲ್ಲಿ ಶುದ್ಧತೆ ನೋಡಿಸಿ, ಬೆಲೆ ಒಪ್ಪಿಗೆಯಾದ ಮೇಲಷ್ಟೇ ಕರಗಿಸಲು ಬಿಡಿ. ಕರಗಿದ ಮೇಲೆ ಅದು ಸರವಲ್ಲ, ಹಾಲ್‌ಮಾರ್ಕ್ ಇಲ್ಲದ ಒಂದು ಉಂಡೆ. ಅದನ್ನು ಹಿಡಿದುಕೊಂಡು ಇನ್ನೊಂದು ಅಂಗಡಿಗೆ ಹೋಗುವುದು ಕಷ್ಟ.

7. ಬಿಲ್ ಕೈಗೆ ಬಂದ ಮೇಲೆ

ಎಸ್ಟಿಮೇಟ್ ಚೀಟಿ ತೆಗೆದುಕೊಂಡು ಮನೆಗೆ ಬರಬೇಡಿ. ಅಂಗಡಿಯ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ಒಡವೆಯ ವಿವರ, ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಇವೆಲ್ಲ ಇರುವ ತೆರಿಗೆ ಬಿಲ್ಲೇ ಬೇಕು. ಬಿಲ್ ಯಾರ ಹೆಸರಿಗೆ ಎಂದು ಕೂಡ ನೋಡಿ. ದುಡ್ಡು ಕೊಟ್ಟವರು ಒಬ್ಬರು, ಹೆಸರು ಇನ್ನೊಬ್ಬರದು ಆದರೆ ಮುಂದೆ ವಿವರಿಸುತ್ತಾ ಕೂರಬೇಕಾಗುತ್ತದೆ.

ಮಾರಿದಾಗ ಲಾಭ ಬಂದರೆ ಅದಕ್ಕೆ ಆದಾಯ ತೆರಿಗೆ ಇದೆ. 2024ರ ಜುಲೈ 23ರ ನಂತರದ ಮಾರಾಟಕ್ಕೆ, 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡ ಚಿನ್ನವಾದರೆ ಲಾಭದ ಮೇಲೆ 12.5%. 24 ತಿಂಗಳೊಳಗೆ ಮಾರಿದರೆ ನಿಮ್ಮ ಆದಾಯದ ಜೊತೆ ಸೇರಿಸಿ ಲೆಕ್ಕ. ಲಾಭ ಎಷ್ಟು ಎಂದು ತೋರಿಸಲು ಕೊಂಡ ಬೆಲೆಯ ಪುರಾವೆ ಬೇಕಲ್ಲ, ಅದೇ ಈ ಬಿಲ್.

ಬಿಲ್ ನುಣುಪಾದ ಥರ್ಮಲ್ ಕಾಗದದ ಮೇಲೆ ಇದ್ದರೆ ಅವತ್ತೇ ಫೋಟೋ ತೆಗೆದಿಡಿ, ಒಂದು ಜೆರಾಕ್ಸ್ ಮಾಡಿಸಿ ಬೀರುವಿನಲ್ಲಿ ಹಾಕಿ. ಆ ಕಾಗದದ ಅಕ್ಷರ ಕೆಲವು ವರ್ಷಗಳಲ್ಲಿ ಅಳಿಸಿಹೋಗುತ್ತದೆ.